ಎಲ್-1 ಆಗಬೇಕು, ಲಾಭನೂ ಉಳಿಬೇಕು: ವಿಜಯನಗರದ ಒಂದು ಚರಂಡಿ ಲೆಕ್ಕ

ಟೆಂಡರ್ ಗೆಲ್ಲೋದು ಕಷ್ಟವೇನಲ್ಲ. ಎಲ್ಲರಿಗಿಂತ ಕಮ್ಮಿ ಬರೆದರೆ ಆಯ್ತು. ಗೆದ್ದ ಮೇಲೆ ಕೆಲಸವನ್ನು ಸರಿಯಾಗಿ ಮುಗಿಸಿ, ಕೂಲಿಯವರಿಗೆ, ಸಿಮೆಂಟ್ ಅಂಗಡಿಯವರಿಗೆ ದುಡ್ಡು ಕೊಟ್ಟು, ಕೊನೆಗೆ ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳೋದು ಕಷ್ಟ. ನಮ್ಮ ಸಿಲಬಸ್‌ನಲ್ಲಿ ಎಸ್ಟಿಮೇಶನ್ ಅಂತ ಒಂದು ಸಬ್ಜೆಕ್ಟ್ ಇದೆ. ಅದರಲ್ಲಿ ಒಂದು ಕೆಲಸಕ್ಕೆ ಎಷ್ಟು ಖರ್ಚಾಗುತ್ತೆ ಅಂತ ಕಲಿಸುತ್ತಾರೆ. ಎಷ್ಟು ಕೋಟ್ ಮಾಡಬೇಕು ಅನ್ನೋದು ಬೇರೆಯೇ ಪ್ರಶ್ನೆ. ಈ ಲೇಖನ ಅದರ ಬಗ್ಗೆ.

ಕರ್ನಾಟಕದಲ್ಲಿ ಸರ್ಕಾರಿ ಕೆಲಸದ ಟೆಂಡರ್‌ಗಳು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಕೆಳಗೆ ನಡೆಯುತ್ತವೆ. ಎಲ್ಲರೂ ಇದನ್ನು ಕೆಟಿಪಿಪಿ ಕಾಯ್ದೆ ಅಂತಲೇ ಕರೆಯೋದು. ಸ್ವಲ್ಪ ದೊಡ್ಡ ಕೆಲಸ ಆದರೆ ಎರಡು ಲಕೋಟೆ ಪದ್ಧತಿ. ಮೊದಲನೆಯದರಲ್ಲಿ ನಿಮ್ಮ ಅರ್ಹತೆ, ಅನುಭವ, ಯಂತ್ರಗಳ ವಿವರ. ಎರಡನೆಯದರಲ್ಲಿ ರೇಟು. ಮೊದಲ ಲಕೋಟೆಯಲ್ಲಿ ಪಾಸಾದವರ ಎರಡನೇ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಈಗ ಲಕೋಟೆ ಎಂದರೆ ಕಾಗದದ್ದಲ್ಲ, ಎಲ್ಲವೂ ಆನ್‌ಲೈನ್. ಪಾಸಾದವರಲ್ಲಿ ಅತಿ ಕಮ್ಮಿ ರೇಟು ಯಾರದ್ದೋ ಅವರೇ ಎಲ್-1. ರೇಟು ಹಾಕಿದ ಮೇಲೆ "ಅಯ್ಯೋ, ಸ್ವಲ್ಪ ಜಾಸ್ತಿ ಬೇಕಿತ್ತು" ಅನ್ನೋ ಹಾಗಿಲ್ಲ. ಹಿಂದೆ ಸರಿದರೆ ಇಎಂಡಿ, ಅಂದರೆ ಟೆಂಡರ್ ಜೊತೆ ಕಟ್ಟಿದ ಠೇವಣಿ ಹೋಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ವಿಜಯನಗರದ ಒಂದು ಕ್ರಾಸ್ ರೋಡ್. ಒಂದು ಬದಿಯ ಹಳೇ ಕಲ್ಲಿನ ಚರಂಡಿ ಕಿತ್ತು, 300 ಮೀಟರ್ ಉದ್ದಕ್ಕೆ ಆರ್‌ಸಿಸಿ ಚರಂಡಿ ಕಟ್ಟಬೇಕು. ಮೇಲೆ ಸ್ಲ್ಯಾಬ್ ಮುಚ್ಚಿ ಫುಟ್‌ಪಾತ್ ಮಾಡಬೇಕು. ಟೆಂಡರ್‌ಗೆ ಇಟ್ಟ ಮೊತ್ತ 40 ಲಕ್ಷ ರೂಪಾಯಿ, ಜಿಎಸ್‌ಟಿ ಬಿಟ್ಟು. ಈ ಕೆಲಸ ಮತ್ತು ಇದರ ರೇಟುಗಳನ್ನು ಲೆಕ್ಕ ಕಲಿಯೋಕೆ ಅಂತ ನಾವೇ ಇಟ್ಟುಕೊಂಡಿದ್ದೇವೆ. ಇಂಥ ಕೆಲಸಗಳು ಮಾತ್ರ ನಮ್ಮ ಏರಿಯಾದಲ್ಲಿ ಯಾವಾಗಲೂ ಒಂದಲ್ಲ ಒಂದು ಕಡೆ ನಡೀತಾನೇ ಇರುತ್ತವೆ.

40 ಲಕ್ಷ ಯಾರ ಲೆಕ್ಕ?

ಹೊಸಬರು ಸಾಮಾನ್ಯವಾಗಿ ಇಲ್ಲಿಂದಲೇ ದಾರಿ ತಪ್ಪುತ್ತಾರೆ. "ಇಲಾಖೆ 40 ಲಕ್ಷ ಅಂದಿದೆ, ನಾವು 12 ಪರ್ಸೆಂಟ್ ಬಿಲೋ ಹಾಕೋಣ" ಅಂತ ಮೇಲಿಂದ ಕೆಳಗೆ ಇಳೀತಾರೆ. ಆದರೆ ಆ 40 ಲಕ್ಷ ಇಲಾಖೆಯ ಲೆಕ್ಕ. ಅದು ಎಸ್‌ಆರ್, ಅಂದರೆ ದರಪಟ್ಟಿಯಿಂದ ಬಂದದ್ದು. ಒಂದು ಘನ ಮೀಟರ್ ಕಾಂಕ್ರೀಟಿಗೆ ಇಷ್ಟು, ಒಂದು ಟನ್ ಕಬ್ಬಿಣಕ್ಕೆ ಇಷ್ಟು ಅಂತ ಅದರಲ್ಲಿ ಇರುತ್ತದೆ. ಆ ದರದೊಳಗೆ ಗುತ್ತಿಗೆದಾರನ ಲಾಭ ಮತ್ತು ಮೇಲ್ಖರ್ಚಿನ ಪಾಲು ಮೊದಲೇ ಸೇರಿರುತ್ತದೆ. ಕೇಂದ್ರದ ಸಿಪಿಡಬ್ಲ್ಯುಡಿ ದರಪಟ್ಟಿಯಲ್ಲಿ ಈ ಪಾಲು 15 ಪರ್ಸೆಂಟ್. ಬಿಲೋ ಹಾಕೋಕೆ ಜಾಗ ಸಿಗೋದು ಇದರಿಂದಲೇ. ಆದರೆ ದರಪಟ್ಟಿಗೆ ನಿಮ್ಮ ಬೀದಿ ಗೊತ್ತಿಲ್ಲ. ಅದರ ಪ್ರಕಾರ ಅಗೆತ ಅಂದರೆ ಅಗೆತ, ಅಷ್ಟೇ. ವಿಜಯನಗರದ ಕ್ರಾಸ್‌ನಲ್ಲಿ ಎರಡೂ ಬದಿ ಕಾರು ನಿಂತಿರುತ್ತವೆ ಅಂತಲೋ, ಜೆಸಿಬಿ ತಿರುಗೋಕೆ ಜಾಗ ಇರಲ್ಲ ಅಂತಲೋ ಅದರಲ್ಲಿ ಬರೆದಿರೋದಿಲ್ಲ.

ಹಾಗಾಗಿ ಲೆಕ್ಕ ಕೆಳಗಿಂದ ಮೇಲಕ್ಕೆ ಹೋಗಬೇಕು. ಮೊದಲು ನಮ್ಮ ಖರ್ಚು, ಆಮೇಲೆ ಕೋಟ್.

ತಳದ ರೇಟು

ಚರಂಡಿಯ ಒಳ ಅಗಲ 0.6 ಮೀಟರ್, ಆಳ 0.75 ಮೀಟರ್. ಗೋಡೆ ಮತ್ತು ತಳ 150 ಮಿಲಿಮೀಟರ್ ದಪ್ಪ, ಮೇಲಿನ ಸ್ಲ್ಯಾಬ್ 100 ಮಿಲಿಮೀಟರ್. ಒಂದು ಮೀಟರ್ ಉದ್ದಕ್ಕೆ ತಳಕ್ಕೆ 0.135, ಎರಡು ಗೋಡೆಗೆ 0.225, ಸ್ಲ್ಯಾಬಿಗೆ 0.09, ಒಟ್ಟು 0.45 ಘನ ಮೀಟರ್ ಕಾಂಕ್ರೀಟ್ ಬೇಕು. 300 ಮೀಟರಿಗೆ 135 ಘನ ಮೀಟರ್. ಚೆಲ್ಲೋದು, ಪೋಲಾಗೋದು ಸೇರಿಸಿ 140 ತರಿಸಬೇಕು. ಘನ ಮೀಟರಿಗೆ 6,000 ಅಂತ ಹಿಡಿದರೆ 8.4 ಲಕ್ಷ. ಕೆಳಗಿನ ಬೆಡ್ ಕಾಂಕ್ರೀಟ್ ಸೇರಿ ಕಾಂಕ್ರೀಟಿಗೆ 10.2 ಲಕ್ಷ. ಕಬ್ಬಿಣ ಘನ ಮೀಟರಿಗೆ 80 ಕೆಜಿಯಂತೆ 10.8 ಟನ್, ಅದು 6.7 ಲಕ್ಷ. ಶಟರಿಂಗ್, ಅಗೆತ, ಮಣ್ಣು ಸಾಗಿಸೋದು, ಫುಟ್‌ಪಾತ್ ಟೈಲ್ಸ್, ಕೂಲಿ ಎಲ್ಲ ಸೇರಿ 13.5 ಲಕ್ಷ. ನೇರ ಖರ್ಚು ಒಟ್ಟು 30.4 ಲಕ್ಷ.

ಇಲ್ಲಿಗೆ ನಿಲ್ಲಿಸಿದರೆ 40ರಲ್ಲಿ 9.6 ಲಕ್ಷ ಉಳಿಯೋ ಹಾಗೆ ಕಾಣುತ್ತದೆ. 20 ಪರ್ಸೆಂಟ್ ಬಿಲೋ ಹಾಕಿದರೂ ನಡೆಯುತ್ತೆ ಅನಿಸುತ್ತದೆ. ಇನ್ನೂ ನಾಲ್ಕು ಖರ್ಚು ಬಾಕಿ ಇವೆ.

ಮೊದಲನೆಯದು ಸೈಟ್ ಖರ್ಚು. ಮೂರು ತಿಂಗಳು ಒಬ್ಬ ಸೂಪರ್‌ವೈಸರ್, ರಾತ್ರಿ ಕಾವಲು, ಬ್ಯಾರಿಕೇಡ್, ನೀರಿನ ಟ್ಯಾಂಕರ್, ಕ್ಯೂಬ್ ಟೆಸ್ಟ್. ಇದಕ್ಕೆ 1.6 ಲಕ್ಷ. ಎರಡನೆಯದು ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್. ಅದು ಒಂದು ಪರ್ಸೆಂಟ್, ಅಂದರೆ ಸುಮಾರು 0.4 ಲಕ್ಷ. ಇದನ್ನು ಬಿಲ್‌ನಲ್ಲೇ ಹಿಡಿದುಕೊಳ್ಳುತ್ತಾರೆ.

ಮೂರನೆಯದು ಬೀದಿಯ ಖರ್ಚು. ಇದು ಬಿಲ್ ಆಫ್ ಕ್ವಾಂಟಿಟೀಸ್‌ನಲ್ಲಿ ಕಾಣೋದಿಲ್ಲ, ಸೈಟ್‌ಗೆ ಹೋಗಿ ನಡೆದರೆ ಕಾಣುತ್ತದೆ. 30x40 ಸೈಟುಗಳ ಸಾಲು ಅಂತ ಇಟ್ಟುಕೊಳ್ಳಿ. ಒಂದು ಸೈಟಿನ ಮುಂಭಾಗ 30 ಅಡಿ, ಸುಮಾರು 9 ಮೀಟರ್. 300 ಮೀಟರ್ ಉದ್ದಕ್ಕೆ 33 ಮನೆ. ಪ್ರತಿ ಮನೆಗೂ ಒಂದು ನೀರಿನ ಪೈಪು, ಒಂದು ಸ್ಯಾನಿಟರಿ ಪೈಪು, ಗೇಟಿನ ಮುಂದೆ ಒಂದು ರ‍್ಯಾಂಪ್. ಪೈಪ್ ಇರೋ ಜಾಗದಲ್ಲಿ ಜೆಸಿಬಿ ಬಿಟ್ಟು ಕೈಯಲ್ಲೇ ಅಗೆಯಬೇಕು. ಒಡೆದ ಪೈಪ್ ಅವತ್ತೇ ಜೋಡಿಸಬೇಕು. ರ‍್ಯಾಂಪ್ ಮತ್ತೆ ಹಾಕಿಕೊಡದಿದ್ದರೆ ಮನೆಯವರು "ಏನಪ್ಪಾ, ಗಾಡಿ ಹೆಂಗೆ ಒಳಗೆ ತರೋದು?" ಅಂತ ಕೆಲಸವನ್ನೇ ನಿಲ್ಲಿಸುತ್ತಾರೆ. ಮನೆಗೆ 3,500 ಅಂತ ಇಟ್ಟರೂ 1.2 ಲಕ್ಷ ಹತ್ತಿರ ಆಯ್ತು. ಎಷ್ಟೋ ಜನ "ಅನಿರೀಕ್ಷಿತ ವೆಚ್ಚ 3 ಪರ್ಸೆಂಟ್" ಅಂತ ಕಣ್ಣು ಮುಚ್ಚಿ ಬರೆದುಬಿಡುತ್ತಾರೆ. ಗೇಟು ಎಣಿಸಿದರೆ ಅದೇ ಖರ್ಚು ನಿರೀಕ್ಷಿತ ಆಗುತ್ತದೆ.

ನಾಲ್ಕನೆಯದು ಬಡ್ಡಿ. ಇದೇ ಎಲ್ಲಕ್ಕಿಂತ ಮೋಸದ್ದು. ನೇರ ಖರ್ಚು ಮತ್ತು ಸೈಟ್ ಖರ್ಚು ಸೇರಿ 32 ಲಕ್ಷ ಗುತ್ತಿಗೆದಾರನ ಜೇಬಿಂದ ಮೊದಲು ಹೋಗುತ್ತದೆ. ಕೆಲಸ ಮೂರು ತಿಂಗಳು, ಹಾಗಾಗಿ ದುಡ್ಡು ಸರಾಸರಿ ಒಂದೂವರೆ ತಿಂಗಳು ಸಿಕ್ಕಿಕೊಂಡಿರುತ್ತದೆ. ಕೆಲಸ ಮುಗಿದು ಆರು ತಿಂಗಳಿಗೆ ಬಿಲ್ ಬಂತು ಅಂದುಕೊಳ್ಳೋಣ. ಒಟ್ಟು ಏಳೂವರೆ ತಿಂಗಳು. ತಿಂಗಳಿಗೆ ಒಂದು ಪರ್ಸೆಂಟ್ ಬಡ್ಡಿಯಂತೆ 2.4 ಲಕ್ಷ.

ಎಲ್ಲ ಕೂಡಿಸಿ: 30.4 + 1.6 + 0.4 + 1.2 + 2.4 = 36 ಲಕ್ಷ. ಇದು ನಮ್ಮ ತಳದ ರೇಟು. ಟೆಂಡರ್ ಮೊತ್ತಕ್ಕಿಂತ ಸರಿಯಾಗಿ 10 ಪರ್ಸೆಂಟ್ ಕಮ್ಮಿ. 10 ಪರ್ಸೆಂಟ್ ಬಿಲೋ ಹಾಕಿ ಗೆದ್ದರೆ ಮೂರು ತಿಂಗಳು ಬಿಟ್ಟಿ ದುಡಿದಂತೆ. 12 ಪರ್ಸೆಂಟ್ ಹಾಕಿದವನು ಕೈಯಿಂದ 80 ಸಾವಿರ ಕಳೆದುಕೊಳ್ಳುತ್ತಾನೆ.

ಈ ಲೆಕ್ಕದಲ್ಲಿ ಯಾವ ಅಂಕಿ ಜಾಸ್ತಿ ಅಲುಗಾಡುತ್ತೆ ಅಂತ ನೋಡಿ. ಸಿಮೆಂಟ್ ರೇಟು ಸ್ವಲ್ಪ ಏರಬಹುದು, ಇಳೀಬಹುದು. ಆದರೆ ಬಿಲ್ ಆರು ತಿಂಗಳ ಬದಲು ಹದಿನೆಂಟು ತಿಂಗಳಿಗೆ ಬಂದರೆ? ಬಡ್ಡಿ 2.4ರಿಂದ 6.24 ಲಕ್ಷಕ್ಕೆ ಹೋಗುತ್ತದೆ. ತಳದ ರೇಟು 39.84 ಲಕ್ಷ ಆಗುತ್ತದೆ. ಬಿಲೋ ಹಾಕೋಕೆ ಜಾಗವೇ ಉಳಿಯೋದಿಲ್ಲ. ಬೆಂಗಳೂರಿನ ಗುತ್ತಿಗೆದಾರರು ಬಾಕಿ ಬಿಲ್‌ಗಾಗಿ ಪ್ರತಿಭಟನೆ ಮಾಡೋ ಸುದ್ದಿ ಪೇಪರ್‌ನಲ್ಲಿ ಬರ್ತಾನೇ ಇರುತ್ತದೆ. ಅದರ ಹಿಂದಿರೋ ಗಣಿತ ಇದೇ. ಹಾಗಾಗಿ ಅನುಭವ ಇರೋ ಗುತ್ತಿಗೆದಾರ ಡ್ರಾಯಿಂಗ್ ನೋಡೋ ಮೊದಲೇ ಈ ಕೆಲಸಕ್ಕೆ ಯಾವ ಅನುದಾನದಿಂದ ದುಡ್ಡು ಬರುತ್ತೆ, ದುಡ್ಡು ಬಿಡುಗಡೆ ಆಗಿದೆಯಾ ಅಂತ ಕೇಳುತ್ತಾನೆ.

ಇನ್ನೊಂದು ಸಾಲು ಓದದೇ ಬಿಡಬಾರದು: ಕೋಟ್‌ನಲ್ಲಿ ಜಿಎಸ್‌ಟಿ ಒಳಗೋ ಹೊರಗೋ? ಸರ್ಕಾರಿ ವರ್ಕ್ಸ್ ಕಾಂಟ್ರ್ಯಾಕ್ಟ್‌ಗೆ 2022ರ ಜುಲೈ 18ರಿಂದ ಸಾಮಾನ್ಯವಾಗಿ 18 ಪರ್ಸೆಂಟ್ ಜಿಎಸ್‌ಟಿ, ಅದಕ್ಕೆ ಮುಂಚೆ ಹೆಚ್ಚಿನ ಕೆಲಸಗಳಿಗೆ 12 ಇತ್ತು. ನಮ್ಮ ಲಾಭ ಇರೋದೇ ನಾಲ್ಕೈದು ಪರ್ಸೆಂಟ್. ಹೊರಗೆ ಅಂದುಕೊಂಡದ್ದು ಒಳಗೆ ಇದ್ದರೆ ಆ ಲಾಭ ಎಲ್ಲಿಗೂ ಸಾಲೋದಿಲ್ಲ.

ತಳದ ಮೇಲೆ ಎಷ್ಟು?

36ರಿಂದ 40ರ ನಡುವೆ ಎಲ್ಲಿ ನಿಲ್ಲಬೇಕು? 39.9 ಬರೆದರೆ ಲಾಭ ಚೆನ್ನಾಗಿದೆ, ಆದರೆ ಗೆಲ್ಲೋದು ಡೌಟು. 36.1 ಬರೆದರೆ ಗೆಲ್ಲಬಹುದು, ಲಾಭ ಹತ್ತು ಸಾವಿರ. 1956ರಲ್ಲಿ ಲಾರೆನ್ಸ್ ಫ್ರೀಡ್‌ಮನ್ ಅನ್ನೋರು ಆಪರೇಶನ್ಸ್ ರಿಸರ್ಚ್ ಪತ್ರಿಕೆಯಲ್ಲಿ ಇದಕ್ಕೆ ಒಂದು ಸರಳ ದಾರಿ ತೋರಿಸಿದರು. ನಮಗೆ ಪ್ರಾಬಬಿಲಿಟಿಯಲ್ಲಿ ಬರೋ ಎಕ್ಸ್‌ಪೆಕ್ಟೆಡ್ ವ್ಯಾಲ್ಯೂನೇ ಇಲ್ಲೂ ಬರೋದು:

ನಿರೀಕ್ಷಿತ ಲಾಭ = ಗೆಲ್ಲುವ ಸಂಭವ × (ಕೋಟ್ − ವೆಚ್ಚ)

ಇದನ್ನು ನಾಲ್ಕು ಕೋಟ್‌ಗಳಿಗೆ ಹಾಕಿ ನೋಡೋಣ. ಗೆಲ್ಲುವ ಸಂಭವಗಳು ನಮ್ಮ ಊಹೆ.

- 39 ಲಕ್ಷ: ಲಾಭ 3 ಲಕ್ಷ, ಸಂಭವ 10%, ನಿರೀಕ್ಷಿತ ಲಾಭ 30 ಸಾವಿರ
- 38 ಲಕ್ಷ: ಲಾಭ 2 ಲಕ್ಷ, ಸಂಭವ 30%, ನಿರೀಕ್ಷಿತ ಲಾಭ 60 ಸಾವಿರ
- 37.2 ಲಕ್ಷ: ಲಾಭ 1.2 ಲಕ್ಷ, ಸಂಭವ 45%, ನಿರೀಕ್ಷಿತ ಲಾಭ 54 ಸಾವಿರ
- 36.4 ಲಕ್ಷ: ಲಾಭ 40 ಸಾವಿರ, ಸಂಭವ 60%, ನಿರೀಕ್ಷಿತ ಲಾಭ 24 ಸಾವಿರ

ಇಲ್ಲಿ 38 ಲಕ್ಷ, ಅಂದರೆ 5 ಪರ್ಸೆಂಟ್ ಬಿಲೋ ಒಳ್ಳೇದು. ಆ ಕೋಟ್‌ನಲ್ಲಿ ಹತ್ತು ಟೆಂಡರ್‌ಗೆ ಏಳು ಸೋಲುತ್ತೇವೆ. ಸೋತ ಏಳರಲ್ಲಿ ಏನೋ ತಪ್ಪಾಯ್ತು ಅಂತ ರೇಟು ಇಳಿಸಿಕೊಂಡು ಹೋದರೆ ಗೆಲುವು ಜಾಸ್ತಿ ಆಗುತ್ತದೆ, ವರ್ಷದ ಕೊನೆಗೆ ಉಳಿಯೋದು ಕಮ್ಮಿ ಆಗುತ್ತದೆ.

ಸಂಭವ ಎಲ್ಲಿಂದ ತರೋದು? ಹಳೇ ಟೆಂಡರ್‌ಗಳಿಂದ. ನಾವು ಲೆಕ್ಕ ಮಾಡಿದ ಪ್ರತಿ ಕೆಲಸದಲ್ಲೂ ಎದುರಾಳಿಯ ಕೋಟನ್ನು ನಮ್ಮ ವೆಚ್ಚದಿಂದ ಭಾಗಿಸಿ ಬರೆದಿಟ್ಟುಕೊಳ್ಳಬೇಕು. ಒಬ್ಬ ಎದುರಾಳಿ ಹತ್ತರಲ್ಲಿ ಏಳು ಸಲ ನಮ್ಮ ವೆಚ್ಚದ 1.055 ಪಟ್ಟಿಗಿಂತ ಮೇಲೆ ಬರೆದಿದ್ದರೆ, 38 ಲಕ್ಷ ಬರೆದು ಅವನೊಬ್ಬನನ್ನು ಸೋಲಿಸೋ ಸಂಭವ 0.7. ಅಂಥವರು ಇಬ್ಬರಿದ್ದರೆ 0.7 × 0.7 = 0.49. ಐದು ಜನ ಇದ್ದರೆ 0.17. ಫ್ರೀಡ್‌ಮನ್ ದಾರಿ ಇದು. 1967ರಲ್ಲಿ ಮಾರ್ವಿನ್ ಗೇಟ್ಸ್ ಇದನ್ನು ಒಪ್ಪಲಿಲ್ಲ. ಹೀಗೆ ಗುಣಿಸಿದರೆ ಗೆಲ್ಲುವ ಸಂಭವ ತೀರಾ ಕಮ್ಮಿ ಬರುತ್ತೆ ಅಂತ ಅವರು ಬೇರೆ ಸೂತ್ರ ಕೊಟ್ಟರು. ಯೋಚಿಸಿ ನೋಡಿ: ಗುಣಿಸಬೇಕಾದರೆ ಎದುರಾಳಿಗಳು ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ ಬರೆದಿರಬೇಕು. ಇಲ್ಲಿ ಎಲ್ಲರೂ ಕೊಳ್ಳೋದು ಅದೇ ಕಬ್ಬಿಣ, ಅದೇ ರೆಡಿಮಿಕ್ಸ್. ಒಬ್ಬ ಮೇಲೆ ಬರೆದಿದ್ದರೆ ಇನ್ನೊಬ್ಬನೂ ಮೇಲೆ ಬರೆದಿರೋ ಸಾಧ್ಯತೆ ಇದೆ. ಹಾಗಾಗಿ 0.17 ಅನ್ನು ಕಟ್ಟುನಿಟ್ಟಿನ ಅಂಕಿ ಅಂತ ನಂಬದೆ ಒಂದು ಸೂಚನೆ ಅಂತ ನೋಡಬೇಕು.

ಗೆದ್ದವನ ಶಾಪ

ಮೇಲಿನ ಲೆಕ್ಕದಲ್ಲಿ ನಮ್ಮ ವೆಚ್ಚ 36 ಅಂತ ಪಕ್ಕಾ ಗೊತ್ತು ಅಂದುಕೊಂಡೆವು. ನಿಜದಲ್ಲಿ ಅದೂ ಒಂದು ಅಂದಾಜೇ. ತಮಾಷೆ ಶುರುವಾಗೋದು ಇಲ್ಲಿಂದ.

ಐದು ಜನ ಪ್ರಾಮಾಣಿಕ ಗುತ್ತಿಗೆದಾರರು ಅದೇ ಚರಂಡಿಗೆ ಲೆಕ್ಕ ಹಾಕಿದರು. ಒಬ್ಬರಿಗೆ 33.5, ಉಳಿದವರಿಗೆ 35, 36, 37, 38.5 ಲಕ್ಷ ಬಂತು. ಸರಾಸರಿ 36. ಒಟ್ಟಾಗಿ ನೋಡಿದರೆ ಅವರ ಲೆಕ್ಕ ಸರಿಯೇ ಇದೆ. ಐದೂ ಜನ 5 ಪರ್ಸೆಂಟ್ ಲಾಭ ಸೇರಿಸಿ ಕೋಟ್ ಮಾಡಿದರು. ಗೆಲ್ಲೋದು ಯಾರು? 33.5 ಅಂದುಕೊಂಡವನು. ಅವನ ಕೋಟ್ ಸುಮಾರು 35.2 ಲಕ್ಷ. ಕೆಲಸಕ್ಕೆ ನಿಜವಾಗಿ ಆಗೋದು 36. ಲಾಭ ಸೇರಿಸಿದ್ದೇನೆ ಅಂದುಕೊಂಡೇ 80 ಸಾವಿರ ಲಾಸ್ ಮಾಡಿಕೊಂಡ. ಅವನು ದಡ್ಡ ಅಂತಲ್ಲ. ಅತಿ ಕಮ್ಮಿ ರೇಟನ್ನು ಆರಿಸೋ ಪದ್ಧತಿಯೇ ಯಾರು ಏನನ್ನೋ ಲೆಕ್ಕಕ್ಕೆ ಹಿಡಿಯದೆ ಬಿಟ್ಟಿದ್ದಾರೋ ಅವರನ್ನು ಹುಡುಕಿ ಗೆಲ್ಲಿಸುತ್ತದೆ. ನಮ್ಮ ಬೀದಿಯಲ್ಲಾದರೆ ಆ 33 ಗೇಟುಗಳನ್ನು ಎಣಿಸದವನನ್ನು.

1971ರಲ್ಲಿ ಕೇಪನ್, ಕ್ಲ್ಯಾಪ್, ಕ್ಯಾಂಪ್‌ಬೆಲ್ ಅನ್ನೋ ಮೂವರು ಪೆಟ್ರೋಲಿಯಂ ಎಂಜಿನಿಯರುಗಳು ಇದನ್ನು ಬರೆದಿಟ್ಟರು. ಅವರು ನೋಡಿದ್ದು ಅಮೆರಿಕದ ಗಲ್ಫ್ ಆಫ್ ಮೆಕ್ಸಿಕೋದಲ್ಲಿ ಎಣ್ಣೆ ಬಾವಿಗಳ ಹರಾಜು. ಅಲ್ಲಿ ಜಾಸ್ತಿ ಕೂಗಿದವರು ಗೆಲ್ಲೋದು. ಹಾಗಾಗಿ ಎಣ್ಣೆ ಜಾಸ್ತಿ ಇದೆ ಅಂತ ಅತಿಯಾಗಿ ನಂಬಿದ ಕಂಪನಿ ಗೆದ್ದು ಕೈಸುಟ್ಟುಕೊಳ್ಳುತ್ತಿತ್ತು. ಇದಕ್ಕೆ ಗೆದ್ದವನ ಶಾಪ ಅಂತ ಹೆಸರು ಬಂತು.

ಇದರಿಂದ ಬರೋ ಪಾಠ ನಮ್ಮ ಸಹಜ ಬುದ್ಧಿಗೆ ಉಲ್ಟಾ ಇದೆ. ಟೆಂಡರ್‌ಗೆ ಜನ ಜಾಸ್ತಿ ಬಂದಾಗ "ಕಾಂಪಿಟೀಶನ್ ಜಾಸ್ತಿ, ಇನ್ನೂ ಇಳಿಸೋಣ" ಅನಿಸುತ್ತದೆ. ಆದರೆ ಇಬ್ಬರ ನಡುವೆ ಗೆದ್ದರೆ ನಮ್ಮ ಲೆಕ್ಕ ಒಬ್ಬರಿಗಿಂತ ಕಮ್ಮಿ ಅಂತಷ್ಟೇ ಅರ್ಥ. ಹತ್ತು ಜನರ ನಡುವೆ ಗೆದ್ದರೆ ಒಂಬತ್ತು ಜನ ಕಂಡ ಯಾವುದೋ ಖರ್ಚು ನಮಗೆ ಕಂಡಿಲ್ಲದೇ ಇರಬಹುದು. ಜನ ಜಾಸ್ತಿ ಇದ್ದಷ್ಟೂ ವೆಚ್ಚದ ಅಂದಾಜನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡು ಆಮೇಲೆ ಲಾಭ ಸೇರಿಸಬೇಕು. ಹಾಗೆ ಮಾಡಿದಾಗ ಗೆಲ್ಲೋಕಾಗಲ್ಲ ಅನಿಸಿದರೆ ಆ ಟೆಂಡರ್ ಬಿಟ್ಟುಬಿಡೋದೇ ಸರಿ.

ಶಾಪ ತಗುಲಿದೆಯಾ ಅಂತ ತಿಳಿಯೋದು ಹೇಗೆ? ರೇಟು ತೆರೆದ ದಿನ ಎಲ್-1 ಮತ್ತು ಎಲ್-2 ನಡುವಿನ ಅಂತರ ನೋಡಿ. ನಾವು 38, ಎರಡನೆಯವರು 38.3 ಆದರೆ ನೆಮ್ಮದಿ. ಎರಡನೆಯವರು 39.8 ಆಗಿದ್ದರೆ 1.8 ಲಕ್ಷವನ್ನು ಮೇಜಿನ ಮೇಲೆ ಬಿಟ್ಟು ಬಂದಿದ್ದೇವೆ, ಇಲ್ಲವೇ ಏನೋ ಖರ್ಚು ಲೆಕ್ಕದಿಂದ ತಪ್ಪಿದೆ.

25 ಪರ್ಸೆಂಟ್ ಬಿಲೋ ಹಾಕಿದವರು ಬದುಕೋದು ಹೇಗೆ?

ನಮ್ಮ ಚರಂಡಿಗೆ 25 ಪರ್ಸೆಂಟ್ ಬಿಲೋ ಅಂದರೆ 30 ಲಕ್ಷ. ನೇರ ಖರ್ಚೇ 30.4 ಇದೆ. ಸಾಮಾನು, ಕೂಲಿಗೇ ಸಾಲದು. ಆದರೂ ಇಂಥ ಕೋಟ್‌ಗಳು ಬರುತ್ತವೆ.

ಕೆಲವು ಕಾರಣ ನ್ಯಾಯವಾದವು. ಗುತ್ತಿಗೆದಾರನ ಹತ್ತಿರ ಸ್ವಂತ ಶಟರಿಂಗ್ ಪ್ಲೇಟ್ ಇರಬಹುದು, ಸ್ವಂತ ಜೆಸಿಬಿ ಸುಮ್ಮನೆ ನಿಂತಿರಬಹುದು, ಸ್ವಂತ ದುಡ್ಡಿದ್ದರೆ ಬಡ್ಡಿಯೂ ಕಮ್ಮಿ. ಅವನ ತಳದ ರೇಟು ನಮ್ಮ 36ರ ಬದಲು 33 ಇರಬಹುದು. ಇದು ನಿಜವಾದ ಅನುಕೂಲ, ಅವನು ಗೆಲ್ಲಬೇಕಾದದ್ದೇ. ಆದರೆ 33ರಿಂದ 30ಕ್ಕೆ ಇಳಿಯೋ ಮೂರು ಲಕ್ಷ ಎಲ್ಲಿಂದಲೋ ಬರಬೇಕಲ್ಲ? ಅದು ಚರಂಡಿಯೊಳಗಿಂದಲೇ ಬರುತ್ತದೆ. 150 ಮಿಲಿಮೀಟರಿಗೆ ಒಂದು ಇರಬೇಕಾದ ಕಂಬಿ 200ಕ್ಕೆ ಒಂದಾದರೆ ಆ ದಿಕ್ಕಿನ ಕಬ್ಬಿಣ ಕಾಲು ಭಾಗ ಉಳಿತಾಯ. 100 ಮಿಲಿಮೀಟರ್ ಸ್ಲ್ಯಾಬ್ 75 ಆದರೆ ಅಲ್ಲೂ ಕಾಲು ಭಾಗ. ಕಾಂಕ್ರೀಟ್ ಹಾಕೋ ಹಿಂದಿನ ದಿನ ಟೇಪ್ ಹಿಡಿದು ಕಂಬಿಯ ಅಂತರ ಅಳೆದರೆ ಇದು ಗೊತ್ತಾಗುತ್ತದೆ. ಹಾಕಿದ ಮೇಲೆ ಸ್ಲ್ಯಾಬ್ ಮೇಲೆ ಯಾರಾದರೂ ಕಾರು ಹತ್ತಿಸಿದ ದಿನ ಗೊತ್ತಾಗುತ್ತದೆ. ಆವತ್ತು ನಷ್ಟ ಆಗೋದು ಆ ಬೀದಿಯಲ್ಲಿ ನಡೆಯೋರಿಗೆ.

ನಿಯಮಗಳಿಗೂ ಇದು ಗೊತ್ತು. ಕರ್ನಾಟಕದಲ್ಲಿ ಬಳಸೋ ಕೆಡಬ್ಲ್ಯು-4 ಮಾದರಿ ಟೆಂಡರ್ ದಸ್ತಾವೇಜಿನಲ್ಲಿ ಇದಕ್ಕೊಂದು ಷರತ್ತು ಇದೆ. ಕೋಟ್ ಇಲಾಖೆಯ ಅಂದಾಜಿಗೆ ಹೋಲಿಸಿದರೆ ತೀರಾ ಏರುಪೇರಾಗಿದ್ದರೆ ಐಟಂವಾರು ರೇಟ್ ಅನಾಲಿಸಿಸ್ ಕೇಳಬಹುದು, ಹೆಚ್ಚುವರಿ ಭದ್ರತಾ ಠೇವಣಿಯನ್ನೂ ಕೇಳಬಹುದು. ಆ ಠೇವಣಿಯ ದುಡ್ಡೂ ಸಿಕ್ಕಿಕೊಂಡಿರುತ್ತದೆ, ಅದಕ್ಕೂ ಬಡ್ಡಿ. ಹಾಗಾಗಿ ತೀರಾ ಕೆಳಗೆ ಇಳಿದವನ ತಳದ ರೇಟು ತಾನಾಗೇ ಮೇಲೆ ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಹೊರಡಿಸಿದ ಸೂಚನೆಗಳು, ಕೆಲವು ಕಾಮಗಾರಿಗಳಲ್ಲಿ ರೇಟಿನ ಜೊತೆ ಗುಣಮಟ್ಟಕ್ಕೂ ಅಂಕ ಕೊಟ್ಟು ಆರಿಸೋಕೆ ಅವಕಾಶ ಮಾಡಿದವು. ಆದರೆ ನಮ್ಮ ಕ್ರಾಸ್ ರೋಡ್ ಚರಂಡಿಯಂಥ ಸಾಮಾನ್ಯ ಕೆಲಸಕ್ಕೆ ಎಲ್-1 ಪದ್ಧತಿಯೇ ನಡೆಯೋದು.

ಕೋಟ್ ಬರೆಯೋ ಮೊದಲು

ಈ ಲೆಕ್ಕವನ್ನು ನೀವೂ ಮಾಡಬಹುದು. ರಾಜ್ಯದ ಟೆಂಡರ್ ಪೋರ್ಟಲ್ kppp.karnataka.gov.in ತೆರೆದು, ನಿಮ್ಮ ಮನೆ ಅಥವಾ ಪಿಜಿ ಹತ್ತಿರದ ಒಂದು ಚಿಕ್ಕ ಕೆಲಸ ಆರಿಸಿ. ಆ ಬೀದಿಗೆ ಹೋಗಿ, ಅಳತೆ ತಗೊಳ್ಳಿ, ಗೇಟು ಎಣಿಸಿ, ಲಾರಿ ಎಲ್ಲಿ ನಿಲ್ಲುತ್ತೆ ನೋಡಿ. ನಿಮ್ಮ ತಳದ ರೇಟನ್ನು ಒಂದು ಹಾಳೆಯ ಮೇಲೆ ಬರೆದು ದಿನಾಂಕ ಹಾಕಿ. ಬೇರೆಯವರು ಎಷ್ಟು ಹಾಕಬಹುದು ಅಂತ ಯೋಚಿಸೋದು ಅದಾದ ಮೇಲೆ. ಈ ಕ್ರಮ ತಿರುಗಿಸಬೇಡಿ. ಎದುರಾಳಿಯ ರೇಟು ಮೊದಲು ತಲೆಗೆ ಹೊಕ್ಕರೆ ನಮ್ಮ ಖರ್ಚಿನ ಅಂಕಿಗಳು ನಮಗೇ ಗೊತ್ತಿಲ್ಲದೆ ಅದಕ್ಕೆ ತಕ್ಕಂತೆ ಬಗ್ಗುತ್ತವೆ. ಕೊನೇ ದಿನ ರಾತ್ರಿ "ಇನ್ನೊಂದು ಎರಡು ಪರ್ಸೆಂಟ್ ಇಳಿಸಿದರೆ ಬರುತ್ತೆ ಗುರು" ಅಂತ ಪಕ್ಕದಲ್ಲಿ ಯಾರಾದರೂ ಹೇಳಿದಾಗ ಆ ಹಾಳೆ ತೆಗೆದು ನೋಡಬೇಕು. ನಮ್ಮ ಉದಾಹರಣೆಯಲ್ಲಿ ಆ ಎರಡು ಪರ್ಸೆಂಟ್ ಅಂದರೆ 80 ಸಾವಿರ, ಇದ್ದ ಎರಡು ಲಕ್ಷ ಲಾಭದಲ್ಲಿ ಐದರಲ್ಲಿ ಎರಡು ಪಾಲು.